ಓಂಬ್ರೆ, ರೂಟ್ ಸ್ಮಡ್ಜ್, ಕಲರ್ ಮೆಲ್ಟ್: ಒಂದೇ ಕಪ್ಪು ತಲೆಯ ಮೇಲೆ ಮೂರು ಪ್ರಯೋಗ

ನನ್ನ ಕೂದಲು ಸೊಂಟದವರೆಗಿದೆ, ಅಪ್ಪಟ ಕಪ್ಪು. ಮೂರು ವರ್ಷದಲ್ಲಿ ಈ ಮೂರನ್ನೂ ಮಾಡಿಸಿದ್ದೇನೆ. ಪ್ರತಿ ಸಲವೂ ಸಲೂನಿನಲ್ಲಿ ಕೇಳಿದ್ದು ಒಂದೇ ಮಾತು: "ಇದಕ್ಕೆ ಪದೇ ಪದೇ ಬರಬೇಕಾಗಿಲ್ಲ ಮೇಡಂ." ಬುಡದ ಮಟ್ಟಿಗೆ ಅದು ನಿಜ. ಕಾಟ ಕೊಟ್ಟಿದ್ದು ತುದಿ.

ಮೊದಲು ಮಾಡಿಸಿದ್ದು ಓಂಬ್ರೆ. ಮೇಲೆ ಕಪ್ಪು, ಕಿವಿಯ ಕೆಳಗಿನಿಂದ ನಿಧಾನಕ್ಕೆ ತಿಳಿಯಾಗುತ್ತಾ ಹೋಗುತ್ತದೆ. ನಾನು ಆಸೆಪಟ್ಟಿದ್ದು ಬೂದಿ ಛಾಯೆಯ ತಿಳಿ ಕಂದು. ಅಲ್ಲೇ ಎಡವಿದ್ದು. ಕಪ್ಪು ಕೂದಲಿಗೆ ಬ್ಲೀಚ್ ಹಾಕಿದರೆ ಅದು ಮೊದಲು ಕೆಂಪಾಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಬೂದಿ ಬಣ್ಣ ಕೂರಬೇಕಾದರೆ ಹಳದಿಯ ಹತ್ತಿರದವರೆಗಾದರೂ ಹೋಗಬೇಕು. ನನಗೆ ಎರಡು ಸಲ ಬ್ಲೀಚ್ ಮಾಡಿ, ಮೇಲೆ ಬೂದಿ ಛಾಯೆ ಕೊಡುವ ಟೋನರ್ ಹಾಕಿದರು. ಆ ದಿನ ಕನ್ನಡಿ ಬಿಟ್ಟು ಬರಲು ಮನಸ್ಸಾಗಲಿಲ್ಲ. ಆರು ವಾರಕ್ಕೆ ಟೋನರ್ ತೊಳೆದುಹೋಯಿತು, ಒಳಗಿದ್ದ ಕಿತ್ತಳೆ-ಹಳದಿ ಹೊರಗೆ ಬಂತು. ಬುಡ ಮುಟ್ಟುವ ಕೆಲಸ ಇರಲಿಲ್ಲ ನಿಜ, ಆದರೆ ವಾರಕ್ಕೊಮ್ಮೆ ಕಿತ್ತಳೆ ತಗ್ಗಿಸುವ ನೀಲಿ ಶಾಂಪೂ, ಎರಡು ತಿಂಗಳಿಗೊಮ್ಮೆ ಟೋನರ್. ಇದು ಕಡಿಮೆ ಕೆಲಸವೇ?

ಇನ್ನೊಂದು ವಿಷಯ ಉದ್ದ ಕೂದಲಿನವರಿಗೇ ಸೇರಿದ್ದು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಅಂದರೆ 70 ಸೆಂ.ಮೀ. ಕೂದಲಿನ ತುದಿಗೆ ಹತ್ತಿರ ಹತ್ತಿರ ಐದು ವರ್ಷ. ಓಂಬ್ರೆಯಲ್ಲಿ ಬ್ಲೀಚ್ ಬೀಳುವುದು ಆಗಲೇ ಸವೆದಿರುವ ಆ ಹಳೇ ಭಾಗಕ್ಕೇ. ಕೂದಲು ಹರಡಿ ಬಿಟ್ಟರೆ ಚೆನ್ನಾಗಿ ಕಾಣುತ್ತಿತ್ತು, ಜಡೆ ಹಾಕಿದರೆ ಮಾತ್ರ ಯಾರದೋ ಕೂದಲು ತಂದು ಕುಚ್ಚು ಕಟ್ಟಿದ ಹಾಗೆ!

ರೂಟ್ ಸ್ಮಡ್ಜ್ ಬೇರೆಯದೇ ಜಾತಿ. ಇದು ಸ್ವಂತ ಸ್ಟೈಲ್ ಅನ್ನುವುದಕ್ಕಿಂತ ರಿಪೇರಿ ಕೆಲಸ. ಆಮೇಲೊಮ್ಮೆ ಬುಡದಿಂದಲೇ ಹೈಲೈಟ್ಸ್ ಮಾಡಿಸಿದ್ದೆ. ಮೂರು ತಿಂಗಳಿಗೆ ನೆತ್ತಿಯ ಹತ್ತಿರ ಗೆರೆ ಎಳೆದ ಹಾಗೆ ಕಪ್ಪು ಕಾಣಿಸಿತು. ಕೂದಲು ತೊಳೆದು, ಒದ್ದೆ ಇರುವಾಗಲೇ ನನ್ನ ಕೂದಲಿನದೇ ಛಾಯೆಯ ಡೆಮಿ-ಪರ್ಮನೆಂಟ್ ಬಣ್ಣವನ್ನು ಬುಡದಿಂದ ನಾಲ್ಕೈದು ಸೆಂ.ಮೀ.ವರೆಗೆ ಹಚ್ಚಿದರು. ಅಂಚನ್ನು ಬೆರಳಿನಿಂದ ಕೆಳಕ್ಕೆ ಸವರಿ, ಹತ್ತು ನಿಮಿಷಕ್ಕೆ ತೊಳೆದರು. ಅಷ್ಟೇ. ಬ್ಲೀಚ್ ಇಲ್ಲ. ಈ ಬಣ್ಣ ಒಂದೆರಡು ತಿಂಗಳಲ್ಲಿ ಮಾಸುತ್ತದೆ, ಆದರೆ ಅಷ್ಟರಲ್ಲಿ ಸ್ವಂತ ಕಪ್ಪು ಇನ್ನೆರಡು ಸೆಂ.ಮೀ. ಕೆಳಗೆ ಇಳಿದಿರುತ್ತದೆ. ಬಣ್ಣ ಬಿಟ್ಟುಕೊಟ್ಟ ಜಾಗದ ಬಹುಪಾಲನ್ನು ಅದೇ ತುಂಬುತ್ತದೆ.

ನನ್ನ ಮೊದಲ ಸ್ಮಡ್ಜ್ ಕೆಟ್ಟಿತ್ತು ಅನ್ನುವುದನ್ನೂ ಹೇಳಬೇಕು. ಬಣ್ಣದ ಜೊತೆ ಕಲಸುವ ಡೆವಲಪರ್ ಜೋರಾಗಿತ್ತು, ಹಾಗಾಗಿ ಬಣ್ಣ ಹಾಕುವ ಬದಲು ನನ್ನ ಕಪ್ಪನ್ನೇ ಸ್ವಲ್ಪ ತಿಳಿಯಾಗಿಸಿಬಿಟ್ಟಿತು. ಸಲೂನಿನ ದೀಪದಲ್ಲಿ ಗೊತ್ತಾಗಲಿಲ್ಲ. ಬಿಸಿಲಿಗೆ ಬಂದಾಗ ಬುಡ ತಾಮ್ರದ ಹಾಗೆ ಹೊಳೆಯಿತು. ಎರಡನೇ ಸಲ ಕಡಿಮೆ ಶಕ್ತಿಯ ಡೆವಲಪರ್ ಕೇಳಿದೆ, ಸರಿಹೋಯಿತು. ಹೈಲೈಟ್ಸ್ ಇಲ್ಲದ ಕಪ್ಪು ಕೂದಲಿಗೆ ಮಾತ್ರ ಸ್ಮಡ್ಜ್ ಬೇಡ. ಕಪ್ಪಿನ ಮೇಲೆ ಕಪ್ಪು, ಸುಮ್ನೆ ಖರ್ಚು ಅಲ್ವಾ?

ಕೊನೆಗೆ ಕಲರ್ ಮೆಲ್ಟ್. ಶುರು ಮಾಡುವ ಮೊದಲು ಒಂದು ಒದ್ದೆ ಎಳೆಯನ್ನು ಮೆಲ್ಲಗೆ ಎಳೆದು ನೋಡಿದರು. ಎಳೆದಾಗ ಅಂಟಂಟಾಗಿ ಹಿಗ್ಗಿ ಹಾಗೇ ಉಳಿದರೆ ಮತ್ತೆ ಬ್ಲೀಚ್ ತಡೆಯುವುದಿಲ್ಲ ಅಂತ ಅರ್ಥ. ನನ್ನದು ಹಿಂದಕ್ಕೆ ಬಂತು. ಹಳೇ ತುದಿಯನ್ನು ಮುಟ್ಟದೆ ನಡುಭಾಗವನ್ನು ಮಾತ್ರ ಒಮ್ಮೆ ಬ್ಲೀಚ್ ಮಾಡಿ, ಕಿತ್ತಳೆಯವರೆಗೆ ತಂದರು. ಆಮೇಲೆ ಮೂರು ಬಣ್ಣ: ಮೇಲೆ ಗಾಢ ಕಂದು, ನಡುವೆ ಕೆಂಗಂದು, ಕೆಳಗೆ ಕ್ಯಾರಮೆಲ್. ಒಂದರ ಅಂಚು ಇನ್ನೊಂದರ ಮೇಲೆ ನಾಲ್ಕೈದು ಸೆಂ.ಮೀ. ಹತ್ತುವಂತೆ ಹಚ್ಚಿ, ಸೇರುವ ಜಾಗವನ್ನು ಬೆರಳಲ್ಲಿ ಉಜ್ಜಿದರು. ಮೂರರಲ್ಲಿ ಜಾಸ್ತಿ ಹೊತ್ತು ಹಿಡಿದಿದ್ದು ಇದೇ.

ಆದರೆ ಮಾಸಿದಾಗ ನೋಡಿ. ಕ್ಯಾರಮೆಲ್ ಹೋದರೆ ಕೆಳಗಿನಿಂದ ಬರುವುದೂ ಬೆಚ್ಚನೆ ಬಣ್ಣವೇ, ಅದು ಇದರ ನೆಂಟನ ಹಾಗೆ ಕಾಣುತ್ತದೆ. ನೀಲಿ ಶಾಂಪೂ ಬಾಟಲಿ ಈಗ ಹಾಗೇ ಕೂತಿದೆ. ಜಡೆಯಲ್ಲೂ ಬಣ್ಣ ಎಲ್ಲಿ ಬದಲಾಯಿತು ಅಂತ ಕಾಣುವುದಿಲ್ಲ. ನಾಲ್ಕು ತಿಂಗಳಾದ ಮೇಲೆ ತುದಿ ಹೆಚ್ಚು ತಿಳಿಯಾಗಿ, ಮೆಲ್ಟ್ ಮೆಲ್ಲಗೆ ಓಂಬ್ರೆಯ ಕಡೆಗೆ ಜಾರಿತು. ಆಗ ಬ್ಲೀಚ್ ಇಲ್ಲದೆ, ತುದಿಗೆ ಮಾತ್ರ ಡೆಮಿ ಬಣ್ಣ ಹಾಕಿಸಿಕೊಂಡೆ.

ಬೂದಿ ಬಣ್ಣವೇ ಬೇಕು ಅನ್ನುವವರಿಗೆ ಮೆಲ್ಟ್ ಆದರೂ ಓಂಬ್ರೆಯಷ್ಟೇ ಕಾಟ ಕೊಡುತ್ತದೆ. ನನ್ನ ಮಟ್ಟಿಗೆ ಈಗ ಮೆಲ್ಟೇ ಇರಲಿ. ಎರಡು ಸಲ ಬ್ಲೀಚ್ ತಿಂದ ಆ ತುದಿಯನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತಾ ಬರುತ್ತಿದ್ದೇನೆ, ಇನ್ನೂ ಒಂದು ಗೇಣು ಬಾಕಿ ಇದೆ.