ಹಾಡಿನ ತಪ್ಪು ಹೆಸರು ತಿದ್ದಲು ಪಿಕಾರ್ಡ್ ಮೇಲೋ, ಎಂಪಿ3ಟ್ಯಾಗ್ ಮೇಲೋ?

ನನ್ನ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ 46 ಎಂಪಿ3 ಹಾಡುಗಳಿದ್ದವು. ಒಂದರ ಟ್ಯಾಗ್ ಕೂಡ, ಅಂದರೆ ಫೈಲಿನೊಳಗೆ ಬರೆದಿರುವ ಹಾಡಿನ ಮಾಹಿತಿ, ಸರಿಯಿರಲಿಲ್ಲ. ಅರ್ಧವನ್ನು ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್‌ನಲ್ಲಿ, ಉಳಿದರ್ಧವನ್ನು ಎಂಪಿ3ಟ್ಯಾಗ್‌ನಲ್ಲಿ ತಿದ್ದಿ ನೋಡಿದೆ. ಎರಡೂ ಟ್ಯಾಗ್ ತಿದ್ದುವ ಸಾಫ್ಟ್‌ವೇರ್‌ಗಳು.

ಹಾಡು ಯಾವುದೆಂದೇ ಗೊತ್ತಿಲ್ಲದಿದ್ದರೆ ಪಿಕಾರ್ಡ್ ಬೇಕೇ ಬೇಕು. ಅದರಲ್ಲಿ Lookup ಒತ್ತಬೇಡಿ, Scan ಒತ್ತಿ. Lookup ಫೈಲಿನಲ್ಲಿ ಈಗಿರುವ ಹೆಸರನ್ನೇ ನಂಬಿ ಹುಡುಕುತ್ತದೆ. ಆ ಹೆಸರೇ ತಪ್ಪಿದ್ದರೆ ಸಿಗುವುದೂ ತಪ್ಪೇ ಅಲ್ವಾ? Scan ಹಾಡಿನ ಧ್ವನಿಯಿಂದಲೇ ಗುರುತು ತೆಗೆದು, ಅದನ್ನು ಅಕೌಸ್ಟ್‌ಐಡಿ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಹುಡುಕುತ್ತದೆ.

ಸ್ಕ್ಯಾನ್ ಆದಮೇಲೆ ಕೆಲವು ಹಾಡುಗಳ ಪಕ್ಕದಲ್ಲಿ ಕೆಂಪು ಬಣ್ಣ ಬಂತು. ತಪ್ಪು ಹಾಡು ಸಿಕ್ಕಿದೆ ಎಂದುಕೊಂಡು ನಾನು ಅವನ್ನು ತೆಗೆದುಹಾಕಿಬಿಟ್ಟೆ. ಆಮೇಲೆ ವಿಷಯ ತಿಳಿಯಿತು. ಹಳೆಯ ಹೆಸರಿಗೂ ಹೊಸ ಹೆಸರಿಗೂ ಎಷ್ಟು ಹೋಲಿಕೆ ಇದೆ ಎಂಬುದನ್ನು ಆ ಬಣ್ಣ ಹೇಳುತ್ತದೆ. Track 03 ಎಂದಿದ್ದ ಹಾಡಿಗೆ ನಿಜವಾದ ಹೆಸರು ಸಿಕ್ಕರೂ ಕೆಂಪು ಬರಬಹುದು. ಹಾಗಾಗಿ ಈಗ ಬಣ್ಣಕ್ಕಿಂತ ಜಾಸ್ತಿ ಕೆಳಗಿನ ಪಟ್ಟಿಯಲ್ಲಿರುವ Length ನೋಡುತ್ತೇನೆ. ಒಂದೆರಡು ಸೆಕೆಂಡ್ ಹೆಚ್ಚುಕಮ್ಮಿ ಇದ್ದರೆ ಚಿಂತೆಯಿಲ್ಲ. ಅರ್ಧ ನಿಮಿಷ ವ್ಯತ್ಯಾಸವಿದ್ದರೆ ಅದು ಬೇರೆ ಆವೃತ್ತಿ ಇರಬಹುದು, ಕೇಳಿ ನೋಡಬೇಕು.

ಪಿಕಾರ್ಡ್‌ನ ನಿಜವಾದ ತಲೆನೋವು ಆಲ್ಬಂ. ಒಂದೇ ರೆಕಾರ್ಡಿಂಗ್ ಮೂಲ ಆಲ್ಬಂನಲ್ಲೂ ಇರುತ್ತದೆ, ಹತ್ತಾರು ಆಯ್ದ ಗೀತೆಗಳ ಸಂಕಲನಗಳಲ್ಲೂ ಇರುತ್ತದೆ. ಧ್ವನಿ ಒಂದೇ ಆದ್ದರಿಂದ ಯಾವುದು ನಮ್ಮದು ಎಂದು ಅದಕ್ಕೆ ತಿಳಿಯುವುದಿಲ್ಲ. ನನ್ನ ಒಂದು ಆಲ್ಬಂನ 9 ಹಾಡುಗಳು 4 ಸಂಕಲನಗಳಿಗೆ ಹಂಚಿಹೋದವು. ಆಯ್ಕೆಗಳಲ್ಲಿ Preferred Releases ಗೆ ಹೋಗಿ Compilation ಅನ್ನು ತಗ್ಗಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಆಮೇಲೂ ದಾರಿ ತಪ್ಪಿದ ಎರಡನ್ನು ಕೈಯಿಂದಲೇ ಎಳೆದು ಸರಿಯಾದ ಆಲ್ಬಂ ಮೇಲೆ ಬಿಟ್ಟೆ.

ಎಂಪಿ3ಟ್ಯಾಗ್‌ಗೆ ಧ್ವನಿಯಿಂದ ಗುರುತಿಸಲು ಬರುವುದಿಲ್ಲ. ಹೆಸರು ಗೊತ್ತಾದ ಮೇಲೆ ಮಾತ್ರ ಅದು ಬಲು ಚುರುಕು. ನನ್ನ 14 ಫೈಲುಗಳ ಹೆಸರಿನಲ್ಲಿ ಮೊದಲು ಶೀರ್ಷಿಕೆ, ಆಮೇಲೆ ಗಾಯಕರು ಎಂದು ಮಾಹಿತಿ ಸರಿಯಾಗಿತ್ತು, ಟ್ಯಾಗಿನಲ್ಲಿ ಮಾತ್ರ ಗಾಯಕರು ಮತ್ತು ಶೀರ್ಷಿಕೆ ಅದಲುಬದಲಾಗಿದ್ದವು. ಎಲ್ಲವನ್ನೂ ಒಟ್ಟಿಗೆ ಆರಿಸಿ, Filename - Tag ತೆರೆದು ಇದನ್ನು ಕೊಟ್ಟೆ:

```
%title% - %artist%
```

ಅರ್ಧ ನಿಮಿಷದಲ್ಲಿ ಮುಗಿಯಿತು. ತಪ್ಪಾದರೆ Ctrl+Z ಒತ್ತಿದರೆ ಹಳೆಯದು ವಾಪಸ್. ಪಿಕಾರ್ಡ್‌ನಲ್ಲಿ ಸೇವ್ ಮಾಡಿದ್ದನ್ನು ಹೀಗೆ ಹಿಂದಕ್ಕೆ ತರಲಾಗದು. ಆದ್ದರಿಂದ ಅಲ್ಲಿ ಮೊದಲು ಫೋಲ್ಡರಿನ ಪ್ರತಿ ಮಾಡಿಟ್ಟುಕೊಳ್ಳುತ್ತೇನೆ.

ತಿದ್ದಿದ ಮೇಲೂ ಮೂರು ಹಾಡುಗಳು ಪ್ಲೇಯರ್‌ನಲ್ಲಿ ಹಳೆಯ ಹೆಸರನ್ನೇ ತೋರಿಸಿದವು. ಆ ಫೈಲುಗಳಲ್ಲಿ ನಾನು ತಿದ್ದಿದ ಐಡಿ3 ಟ್ಯಾಗ್ ಜೊತೆಗೆ ಎಪಿಇ ಎಂಬ ಇನ್ನೊಂದು ಬಗೆಯ ಟ್ಯಾಗ್ ಕೂಡ ಉಳಿದಿತ್ತು, ಪ್ಲೇಯರ್ ಎಪಿಇಯನ್ನೇ ಓದುತ್ತಿತ್ತು. ಎಂಪಿ3ಟ್ಯಾಗ್‌ನ Tag ಕಾಲಂನಲ್ಲಿ ಎರಡೂ ಕಾಣಿಸಿದ್ದರಿಂದ ಕಾರಣ ಸಿಕ್ಕಿತು. ಎಪಿಇ ಅಳಿಸಿ ಲೈಬ್ರರಿಯನ್ನು ಮತ್ತೆ ಸ್ಕ್ಯಾನ್ ಮಾಡಿಸಿದೆ, ಮೂರೂ ಸರಿಹೋದವು.