ಜಪಾನಿ, ಕೊರಿಯನ್ ಗೌರವರೂಪಗಳು ಇಂಗ್ಲಿಷಿಗೆ: ಸಂಬೋಧನೆಯೋ, ವಾಕ್ಯದ ಧಾಟಿಯೋ?

ಕ್ರಿಯಾಪದದ ಕೊನೆಯಲ್ಲಿರುವ ಗೌರವವನ್ನು ಇಂಗ್ಲಿಷಿನಲ್ಲಿ ‘ಸರ್’, ‘ಮಿಸ್ಟರ್’ ಎಂಬ ಸಂಬೋಧನೆಯಿಂದ ತೋರಿಸಬೇಕೋ, ವಾಕ್ಯದ ಧಾಟಿಯಿಂದಲೋ ಎಂದು ಕೇಳಿದ್ದೀರಿ.

ಜಾಗದ ದೃಷ್ಟಿಯಿಂದ ಸಂಬೋಧನೆಯೇ ಅಗ್ಗ. ಸಬ್‌ಟೈಟಲ್‌ನ ಎರಡು ಸಾಲಿನಲ್ಲಿ ಅದು ಸುಲಭವಾಗಿ ಹಿಡಿಸುತ್ತದೆ. ಆದರೆ ಜಪಾನಿಯ ‘-ಮಸು’, ಕೊರಿಯನ್ನಿನ ‘-ಯೊ’ ಅಪರಿಚಿತರ ನಡುವಿನ ಸಾಧಾರಣ ಮಾತಾದ್ದರಿಂದ, ಪ್ರತಿ ಸಲವೂ ‘ಸರ್’ ಸೇರಿಸಿದರೆ ದಾರಿ ಕೇಳುವವನೂ ಆಳಿನಂತೆ ಕೇಳಿಸುತ್ತಾನೆ. ಅಲ್ಲಿ ಏನನ್ನೂ ಸೇರಿಸದಿರುವುದೇ ಸರಿ.

ಹಂತಗಳನ್ನು ಬೇರ್ಪಡಿಸುವುದರಲ್ಲಿ ಧಾಟಿ ಮುಂದು. ತಿನ್ನುವಿರಾ ಎಂಬುದಕ್ಕೆ ಜಪಾನಿಯಲ್ಲಿ ‘ತಬೆರು?’, ‘ತಬೆಮಸು ಕ?’, ‘ಮೆಶಿಅಗರಿಮಸು ಕ?’ ಎಂಬ ಏರಿಕೆಯಿದ್ದರೆ, ಇಂಗ್ಲಿಷಿನಲ್ಲಿ ‘ವಾಂಟ್ ಸಮ್?’, ‘ವುಡ್ ಯು ಲೈಕ್ ಸಮ್?’, ‘ಮೇ ಐ ಆಫರ್ ಯು ಸಮ್?’ ಎಂದು ಹೆಚ್ಚುಕಡಿಮೆ ಹೊಂದಿಸಬಹುದು. ಇದಕ್ಕೆ ತೆರುವ ಬೆಲೆ ಉದ್ದ. ಕಾದಂಬರಿಗೆ ಅದು ತೊಡಕಲ್ಲ.

ನಿಜವಾದ ಕಷ್ಟ ಬರುವುದು ಹಂತ ಬದಲಾಗುವ ಕ್ಷಣದಲ್ಲಿ. ಕೊರಿಯನ್ ಕಿರಿಯನೊಬ್ಬ ಹಿರಿಯನಿಗೆ ‘ಮಾಲ್ ನೊಉಸೆಯೊ’, ಅಂದರೆ ನನ್ನೊಡನೆ ಸಲಿಗೆಯಿಂದ ಮಾತಾಡಿ, ಎನ್ನುತ್ತಾನೆ. (ನಮಗಾದರೆ ‘ನೀನು’ ಎನ್ನಿ ಎಂದರೆ ಮುಗಿಯಿತು.) ಇದನ್ನು ‘ಹೆಸರು ಹಿಡಿದು ಕರೆಯಿರಿ’ ಎಂದು ಸಂಬೋಧನೆಗೆ ತಿರುಗಿಸಿದರೆ, ಮುಂದಿನ ದೃಶ್ಯದಲ್ಲಿ ಆ ಹಿರಿಯನು ಅವನನ್ನು ಹುದ್ದೆಯ ಹೆಸರಿನಿಂದಲೇ ಕರೆದಾಗ ಪ್ರೇಕ್ಷಕ ಗೊಂದಲಗೊಳ್ಳುತ್ತಾನೆ. ಸಬ್‌ಟೈಟಲ್‌ನ ಜೊತೆ ಮೂಲ ಧ್ವನಿಯೂ ಕೇಳಿಸುವ ನಾಟಕಕ್ಕೆ ‘ಯು ಡೋಂಟ್ ಹ್ಯಾವ್ ಟು ಬಿ ಸೋ ಫಾರ್ಮಲ್’ ಎಂದು ಬರೆದು, ಅಲ್ಲಿಂದ ಹಿರಿಯನ ವಾಕ್ಯಗಳನ್ನಷ್ಟೇ ಮೊಟಕುಗೊಳಿಸುವುದು ಸುರಕ್ಷಿತ. ಕರೆಯುವ ಹೆಸರು ಅಲ್ಲಿಂದ ಬದಲಾಗಿ ಕೊನೆಯವರೆಗೂ ಹಾಗೆಯೇ ಉಳಿಯುತ್ತದೆಂದು ಮೊದಲೇ ಓದಿ ಖಚಿತಪಡಿಸಿಕೊಂಡಿದ್ದರೆ ಮಾತ್ರ ಸಂಬೋಧನೆಯನ್ನು ಆರಿಸಿಕೊಳ್ಳಿ.