ಅಂಚು ಕಟ್ ಆಗುವ ಟಿವಿ, ಅಗಲವಾಗುವ ಮುಖ: 43 ಇಂಚಿನ ಸೆಟ್ ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮದು 43 ಇಂಚಿನ ಫುಲ್ ಎಚ್‌ಡಿ ಎಲ್‌ಇಡಿ ಟಿವಿ. ರಾಜಾಜಿನಗರದ ಮನೆಯ ಹಾಲ್‌ನಲ್ಲಿ ಕೆಲವು ವರ್ಷಗಳಿಂದ ದಿನಾ ಓಡುತ್ತಿದೆ. ಒಂದು ಎಚ್‌ಡಿಎಂಐಗೆ ಸೆಟ್ ಟಾಪ್ ಬಾಕ್ಸ್, ಇನ್ನೊಂದಕ್ಕೆ ಲ್ಯಾಪ್‌ಟಾಪ್. ಬಣ್ಣ ಚೆನ್ನಾಗಿದೆ, ಸೌಂಡ್ ಪರವಾಗಿಲ್ಲ, ಇದುವರೆಗೆ ರಿಪೇರಿಗೆ ಹೋಗಿಲ್ಲ. ನನ್ನ ತಕರಾರು ಒಂದೇ. ಕಂಪನಿಯವರು ಮೊದಲೇ ಇಟ್ಟು ಕಳಿಸುವ ಪಿಕ್ಚರ್ ಸೆಟ್ಟಿಂಗ್ ಸರಿಯಿಲ್ಲ. ಅದನ್ನು ಬದಲಾಯಿಸಿದ ಮೇಲೆ ಇದು ಬಹಳ ಒಳ್ಳೆಯ ಟಿವಿ. ಆದರೆ ಏನು ಬದಲಾಯಿಸಬೇಕು ಅಂತ ಯಾರೂ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಟಿವಿ ಹಾಕಿದ ದಿನವೇ ನ್ಯೂಸ್ ಚಾನೆಲ್‌ನಲ್ಲಿ ಕೆಳಗೆ ಓಡುವ ಸಾಲಿನ ಒತ್ತಕ್ಷರಗಳು ಕಾಣುತ್ತಿರಲಿಲ್ಲ. ಫಿಟ್ಟಿಂಗ್‌ಗೆ ಬಂದ ಹುಡುಗ "ಅದು ಚಾನೆಲ್‌ದೇ ಪ್ರಾಬ್ಲಂ ಸಾರ್" ಅಂದ. ಹಾಗಿದ್ದರೆ ಲ್ಯಾಪ್‌ಟಾಪ್ ಹಾಕಿದಾಗ ಸರಿಯಾಗಿ ಬರಬೇಕು, ಅಲ್ವಾ? ಹಾಕಿದೆ. ವಿಂಡೋಸ್ 10ರ ಟಾಸ್ಕ್‌ಬಾರ್ ಅರ್ಧಕ್ಕಿಂತ ಹೆಚ್ಚು ಮಾಯವಾಗಿತ್ತು. ಅಲ್ಲಿಗೆ ಚಾನೆಲ್‌ನದಲ್ಲ, ಟಿವಿಯದೇ ಅಂತ ಖಾತ್ರಿಯಾಯಿತು.

ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಹಳೆಯ ಡಬ್ಬಾ ಟಿವಿಯಲ್ಲಿ ಚಿತ್ರದ ಅಳತೆ ಸೆಟ್‌ನಿಂದ ಸೆಟ್‌ಗೆ ಸ್ವಲ್ಪ ಬೇರೆ ಇರುತ್ತಿತ್ತು. ಟ್ಯೂಬ್ ಹಳೆಯದಾದಂತೆ, ವೋಲ್ಟೇಜ್ ಏರುಪೇರಾದಂತೆ ಕುಗ್ಗುತ್ತಿತ್ತು, ಹಿಗ್ಗುತ್ತಿತ್ತು. ಸುತ್ತ ಕಪ್ಪು ಅಂಚು ಕಾಣಬಾರದೆಂದು ಚಿತ್ರವನ್ನು ಗಾಜಿಗಿಂತ ಕೊಂಚ ದೊಡ್ಡದಾಗಿಯೇ ಮೂಡಿಸುತ್ತಿದ್ದರು. ಈಗಿನ ಪ್ಯಾನೆಲ್‌ನಲ್ಲಿ ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕೆಗಳು ಗಟ್ಟಿಯಾಗಿ ಕೂತಿವೆ. ಅದರಲ್ಲಿ ಏನೂ ಕುಗ್ಗುವುದಿಲ್ಲ. ಆದರೂ ಹಳೆಯ ಪದ್ಧತಿ ಬಿಟ್ಟಿಲ್ಲ.

ನಮ್ಮ ಸೆಟ್ ಪ್ರತಿ ಬದಿಯಲ್ಲೂ ಎರಡೂವರೆ ಪರ್ಸೆಂಟ್ ಕತ್ತರಿಸುತ್ತಿತ್ತು. ಅಂದರೆ ಎಡಕ್ಕೂ ಬಲಕ್ಕೂ 48 ಪಿಕ್ಸೆಲ್, ಮೇಲೂ ಕೆಳಗೂ 27. ಟಾಸ್ಕ್‌ಬಾರ್ ಎತ್ತರವೇ 40 ಪಿಕ್ಸೆಲ್, ಅದರಲ್ಲಿ 27 ಹೋದರೆ ಉಳಿಯುವುದು ಐಕಾನ್‌ಗಳ ತಲೆ ಮಾತ್ರ. ಇನ್ನೊಂದು ನಷ್ಟವೂ ಇದೆ, ಅದು ಬೇಗ ಗೊತ್ತಾಗುವುದಿಲ್ಲ. ಉಳಿದ 1824 x 1026 ಚಿತ್ರವನ್ನು ಟಿವಿ ಎಳೆದು 1920 x 1080 ಮಾಡುತ್ತದೆ. ಆಗ ಒಂದು ಪಿಕ್ಸೆಲ್‌ಗೆ ಒಂದು ಚುಕ್ಕೆ ಅನ್ನುವ ಲೆಕ್ಕ ತಪ್ಪಿ ಇಡೀ ಪರದೆ ಮಂಜಾಗುತ್ತದೆ. ಕನ್ನಡ ಅಕ್ಷರದ ಸಣ್ಣ ಸುಳಿಗಳು ಮೊದಲು ಕಲಸಿಹೋಗುತ್ತವೆ. ಎಷ್ಟೋ ಜನ ಇದಕ್ಕೆ ಕೇಬಲ್ ಕಾರಣ ಅಂದುಕೊಂಡು ಎಸ್.ಪಿ. ರೋಡ್‌ಗೆ ಹೋಗಿ ದುಬಾರಿ ಎಚ್‌ಡಿಎಂಐ ತರುತ್ತಾರೆ. ಕೇಬಲ್‌ನಿಂದ ಇದು ಸರಿಹೋಗುವುದಿಲ್ಲ.

ಸರಿಮಾಡುವ ಸೆಟ್ಟಿಂಗ್‌ಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಎಲ್‌ಜಿಯಲ್ಲಿ Just Scan, ಸ್ಯಾಮ್‌ಸಂಗ್‌ನಲ್ಲಿ Screen Fit ಅಥವಾ Fit to Screen, ಸೋನಿಯಲ್ಲಿ Full Pixel. ಇನ್ನು ಕೆಲವು ಸೆಟ್‌ಗಳಲ್ಲಿ ನೇರವಾಗಿ Overscan ಅಂತಲೇ ಇರುತ್ತದೆ, ಅದನ್ನು Off ಮಾಡಬೇಕು. ಸಾಮಾನ್ಯವಾಗಿ ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಶಿಯೋ ಮೆನುವಿನಲ್ಲಿ ಸಿಗುತ್ತದೆ. ನಮ್ಮದರಲ್ಲಿ ಇದು ಒಂದೊಂದು ಇನ್‌ಪುಟ್‌ಗೂ ಬೇರೆ ಬೇರೆ. ಲ್ಯಾಪ್‌ಟಾಪ್‌ಗೆ ಸರಿಮಾಡಿದರೆ ಬಾಕ್ಸ್‌ಗೆ ತಾನಾಗಿ ಆಗುವುದಿಲ್ಲ, ಅಲ್ಲಿಗೂ ಹೋಗಿ ಮಾಡಬೇಕು.

ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಸಾಫ್ಟ್‌ವೇರ್‌ನಲ್ಲೂ ಚಿತ್ರವನ್ನು ಕುಗ್ಗಿಸುವ ಸ್ಲೈಡರ್ ಇರುತ್ತದೆ. ಅಂಚು ಕಾಣುತ್ತದೆ ನಿಜ, ಆದರೆ ಅಲ್ಲಿ ಕುಗ್ಗಿಸಿ ಇಲ್ಲಿ ಹಿಗ್ಗಿಸಿದಂತಾಗಿ ಅಕ್ಷರ ಇನ್ನಷ್ಟು ಕೆಡುತ್ತದೆ. ಟಿವಿಯಲ್ಲಿ ಆಯ್ಕೆಯೇ ಇಲ್ಲದಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಸರಿಯಾಗಿದೆಯೋ ಇಲ್ಲವೋ ನೋಡಲು ನಾನು ಪೇಂಟ್‌ನಲ್ಲಿ 1920 x 1080ರ ಚಿತ್ರ ಮಾಡಿ, ತೀರಾ ಅಂಚಿನಲ್ಲಿ ಒಂದೇ ಪಿಕ್ಸೆಲ್ ದಪ್ಪದ ಕೆಂಪು ಗೆರೆ ಸುತ್ತಲೂ ಎಳೆದು, ಟಿವಿಯಲ್ಲಿ ಫುಲ್ ಸ್ಕ್ರೀನ್ ಮಾಡಿ ನೋಡುತ್ತೇನೆ. ನಾಲ್ಕೂ ಕಡೆ ಗೆರೆ ಕಂಡರೆ ಅಂಚು ಪೂರ್ತಿ ಬಂದಿದೆ. ಅದೇ ಗೆರೆ ಮಸುಕಾಗಿ ಹರಡಿಕೊಂಡಿದ್ದರೆ ಎಲ್ಲೋ ಇನ್ನೂ ಎಳೆದಾಟ ನಡೆದಿದೆ ಅಂತ ಅರ್ಥ.

ಸೆಟ್ ಟಾಪ್ ಬಾಕ್ಸ್ ಕಡೆ ಮಾತ್ರ ಸ್ವಲ್ಪ ತಲೆಬಿಸಿ ಇತ್ತು. ನಮ್ಮ ಟಿವಿಯಲ್ಲಿ ಓವರ್‌ಸ್ಕ್ಯಾನ್ ಆಫ್ ಮಾಡುವ ಆಯ್ಕೆ ಎಚ್‌ಡಿ ಸಿಗ್ನಲ್ ಬಂದಾಗ ಮಾತ್ರ ತೆರೆಯುತ್ತದೆ. ಬಾಕ್ಸ್ ಎಸ್‌ಡಿ ಗುಣಮಟ್ಟದ 576i ಕಳಿಸುತ್ತಿದ್ದರೆ ಆ ಸಾಲು ಬೂದು ಬಣ್ಣಕ್ಕೆ ತಿರುಗಿ ಕೂತಿರುತ್ತದೆ. ಬಾಕ್ಸ್‌ನ ಮೆನುವಿನಲ್ಲಿ ಔಟ್‌ಪುಟ್ 1080i ಮಾಡಿ, ಟಿವಿ ಆಕಾರ 16:9 ಅಂತ ಇಟ್ಟ ಮೇಲೆ ಆಯ್ಕೆ ಸಿಕ್ಕಿತು. ಓಡುವ ಸಾಲು ಪೂರ್ತಿ ಬಂತು. ಕ್ರಿಕೆಟ್ ಹಾಕಿದಾಗ ಅಂಚಿಗೆ ಒತ್ತಿಕೊಂಡಿದ್ದ ಸ್ಕೋರ್ ಪಟ್ಟಿಯೂ ಸರಿಯಾಗಿ ಕೂತಿತು. ಒಂದು ವಿಷಯ ಗಮನಿಸಿ. ಕೆಲವು ಎಸ್‌ಡಿ ಚಾನೆಲ್‌ಗಳಲ್ಲಿ ಈಗ ಮೇಲಂಚಿನಲ್ಲಿ ಬಿಳಿ ಚುಕ್ಕೆಗಳ ಸಾಲು ಮಿಣಮಿಣ ಅನ್ನುತ್ತದೆ. ಟಿವಿ ಕೆಟ್ಟಿಲ್ಲ, ಅದು ಹಳೆಯ ಪ್ರಸಾರ ಪದ್ಧತಿಯಲ್ಲಿ ಚಿತ್ರದ ಜೊತೆಗೇ ಬರುವ ಸಂಕೇತ. ಅಷ್ಟು ದಿನ ಓವರ್‌ಸ್ಕ್ಯಾನ್ ಅದನ್ನು ಮುಚ್ಚಿಟ್ಟಿತ್ತು, ಅಷ್ಟೇ. ಬರೀ ಎಸ್‌ಡಿ ನೋಡುವ ಮನೆಯಾದರೆ ಓವರ್‌ಸ್ಕ್ಯಾನ್ ಆನ್ ಇದ್ದರೂ ದೊಡ್ಡ ನಷ್ಟವಿಲ್ಲ.

ಇನ್ನು ಆಕಾರದ ಮಾತು. ನಮ್ಮಪ್ಪನಿಗೆ 60ರ ದಶಕದ ಕಪ್ಪು ಬಿಳುಪು ಸಿನಿಮಾ ಅಂದರೆ ಪ್ರಾಣ. ಅವುಗಳ ಚೌಕಟ್ಟು ಹೆಚ್ಚುಕಡಿಮೆ 4:3. ಅದನ್ನು ಸರಿಯಾಗಿ ತೋರಿಸಿದರೆ ನಮ್ಮ ಪರದೆಯಲ್ಲಿ ನಡುವಿನ 1440 ಪಿಕ್ಸೆಲ್‌ಗೆ ಚಿತ್ರ, ಎರಡು ಪಕ್ಕದಲ್ಲೂ 240ರಂತೆ ಕಪ್ಪು ಪಟ್ಟಿ. "ದುಡ್ಡು ಕೊಟ್ಟು ದೊಡ್ಡ ಟಿವಿ ತಂದು ಅರ್ಧ ಕಪ್ಪು ನೋಡೋದಾ?" ಅಂತ ಅಪ್ಪ ಶುರುವಿನಲ್ಲಿ ಕೇಳಿದರು. ಪರದೆ ತುಂಬಿಸಲು 16:9 ಒತ್ತಿದರೆ ಚಿತ್ರ ಮೂರನೇ ಒಂದು ಪಾಲು ಅಗಲವಾಗುತ್ತದೆ, ನಾಯಕಿ ಊದಿಕೊಳ್ಳುತ್ತಾಳೆ. ಝೂಮ್ ಒತ್ತಿದರೆ ಮುಖ ಸರಿ, ಆದರೆ ಎತ್ತರದ ಕಾಲು ಭಾಗ ಹೋಗುತ್ತದೆ. ಕ್ಲೋಸಪ್‌ನಲ್ಲಿ ಹಣೆಯ ಕುಂಕುಮವೇ ಕಟ್! ಅದನ್ನು ತೋರಿಸಿದ ಮೇಲೆ ಅಪ್ಪ ಕಪ್ಪು ಪಟ್ಟಿಗೆ ಒಪ್ಪಿಕೊಂಡರು.

ಝೂಮ್ ಕೆಲಸಕ್ಕೆ ಬರುವುದು ಒಂದೇ ಸಂದರ್ಭದಲ್ಲಿ. ಹೊಸ ಅಗಲದ ಸಿನಿಮಾವನ್ನು 4:3 ಚೌಕಟ್ಟಿನಲ್ಲಿ ಹಾಕಿ ಪ್ರಸಾರ ಮಾಡಿದಾಗ ನಾಲ್ಕೂ ಕಡೆ ಕಪ್ಪು ಬರುತ್ತದೆ. ಆಗ ಝೂಮ್ ಒತ್ತಿ, ಹೋಗುವುದು ಮೇಲೆ ಕೆಳಗಿನ ಖಾಲಿ ಜಾಗ ಮಾತ್ರ. ಓಟಿಟಿಯಲ್ಲಿ ಟಿವಿ ಪರದೆಗಿಂತಲೂ ಅಗಲವಾದ ಸ್ಕೋಪ್ ಸಿನಿಮಾಗೆ ಬರುವ ಮೇಲೆ ಕೆಳಗಿನ ಪಟ್ಟಿಯನ್ನು ಮಾತ್ರ ಮುಟ್ಟಬೇಡಿ. ಅದನ್ನು ತುಂಬಿಸಲು ಹೋದರೆ ಎರಡು ಪಕ್ಕದಲ್ಲಿ ನಿಂತ ಪಾತ್ರಗಳೇ ಹೊರಗೆ ಹೋಗುತ್ತವೆ.

ಎಲ್ಲ ಸರಿಯಿದ್ದೂ ಮುಖ ಅಗಲವಾಗಿಯೇ ಕಂಡರೆ ಚಾನೆಲ್‌ನವರೇ ಹಳೆಯ ಸಿನಿಮಾವನ್ನು ಎಳೆದು ಪ್ರಸಾರ ಮಾಡುತ್ತಿರಬಹುದು. ಒಮ್ಮೆ ಎದುರಿನಿಂದ ತೋರಿಸಿದ ಎತ್ತಿನ ಗಾಡಿಯ ಚಕ್ರ ಬಂದಾಗ ಪಾಜ್ ಮಾಡಿ ಅಳತೆ ಟೇಪ್ ಹಿಡಿದೆ. ಅಗಲ 20 ಸೆಂಟಿಮೀಟರ್, ಎತ್ತರ 15. ಪಕ್ಕಾ 4:3ರ ಎಳೆತ. ಟಿವಿಯನ್ನು 4:3ಗೆ ಬದಲಿಸಿದೆ, ಚಕ್ರ ದುಂಡಗಾಯಿತು. ಮೂಲೆಯಲ್ಲಿದ್ದ ಚಾನೆಲ್‌ನ ದುಂಡು ಲೋಗೋ ಮಾತ್ರ ಮೊಟ್ಟೆಯಾಯಿತು, ಯಾಕೆಂದರೆ ಅದನ್ನು ಸಿನಿಮಾ ಎಳೆದ ಮೇಲೆ ಅಂಟಿಸಿರುತ್ತಾರೆ. ಹಾಗಾಗಿ ಲೋಗೋ ನೋಡಿ ತೀರ್ಮಾನ ಮಾಡಬೇಡಿ, ಸಿನಿಮಾದೊಳಗಿನ ಚಕ್ರ, ತಟ್ಟೆ, ಗಡಿಯಾರ ನೋಡಿ. ಚಾನೆಲ್‌ನವರೇ ಝೂಮ್ ಮಾಡಿ ತಲೆ ಕತ್ತರಿಸಿ ಕಳಿಸಿದ್ದರೆ ಮಾತ್ರ ಯಾವ ಸೆಟ್ಟಿಂಗ್‌ನಿಂದಲೂ ಅದು ವಾಪಸ್ ಬರುವುದಿಲ್ಲ.

ಈ ಟಿವಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಎಚ್‌ಡಿಎಂಐ ಸೆಟ್ಟಿಂಗ್ ಮೊದಲಿನಂತಾಗಿ ಮತ್ತೆ ಅಂಚು ಕಟ್ ಆಗಿತ್ತು. ಆ ಒಂದು ಅಂಕ ಕಳೆದಿದ್ದು ಅದಕ್ಕೇ.